ಇದನ್ನು ಕೀಳಲು ಯಾರನ್ನು ಕರೆಯಬೇಕು?

ಬೆಂಗಳೂರಿನಲ್ಲಿ ಈ ವರ್ಷ ಹೊಸ ಫ್ಲ್ಯಾಟಿನ ಬೀಗದ ಕೈ ಪಡೆಯಲಿರುವ ಕುಟುಂಬಗಳಿಗೆ,

ಮನೆಗಳ ಒಳಾಂಗಣ ಕೆಲಸ ಮಾಡಿಸಿಕೊಡುವುದು ನನ್ನ ಕಸುಬು. ನಿಮ್ಮಂಥವರು ಮೊದಲ ಸಲ ಮಾತಿಗೆ ಬಂದಾಗ ಫೋನು ತೆಗೆದು, ತಿಂಗಳುಗಟ್ಟಲೆ ಕೂಡಿಟ್ಟ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತ ತೋರಿಸುತ್ತಾರೆ. ಗೆರೆಗೆರೆಯ ಫ್ಲೂಟೆಡ್ ಪ್ಯಾನೆಲ್, ಕಮಾನಿನ ಗೂಡು, ಬೆತ್ತದ ಜಾಲಿ ಹೊಡೆದ ಬೀರು, ಕಪ್ಪು ನಲ್ಲಿ, ಚಿನ್ನದ ಬಣ್ಣದ ಲೋಹದ ಪಟ್ಟಿ. ಬೇರೆ ಬೇರೆ ಮನೆತನದವರು, ಬೇರೆ ಬೇರೆ ಬಡಾವಣೆಯವರು. ಚಿತ್ರಗಳು ಮಾತ್ರ ಒಂದೇ. ಕೆಲವು ವರ್ಷ ಹಿಂದೆ ಬಂದವರ ಫೋನಿನಲ್ಲಿ ಗೋಡೆಯಿಂದ ಸೋಫಾದವರೆಗೆ ಎಲ್ಲವೂ ಬೂದು ಬಣ್ಣದ್ದಾಗಿತ್ತು. ಅದಕ್ಕೂ ಮುಂಚೆ ಕೆಂಪು-ಬಿಳಿ ಮಿರುಗುವ ಅಡುಗೆಮನೆ, ಕಾಫಿ ಡಿಕಾಕ್ಷನ್‌ನಷ್ಟು ಕಪ್ಪಗಿನ ವೆಂಗೆ ವಾರ್ಡ್‌ರೋಬು, ನೇರಳೆ ದೀಪ ಅಡಗಿಸಿಟ್ಟ ಪಿಓಪಿ ಸೀಲಿಂಗ್. ಅವನ್ನೆಲ್ಲ ಆಗ ಆಸೆಪಟ್ಟು ಮಾಡಿಸಿದವರೇ ಈಗ ಕೀಳಿಸಲು ಕರೆಯುತ್ತಿದ್ದಾರೆ. ಕೀಳಿಸುವ ಕೆಲಸದಿಂದಲೂ ನನಗೆ ಆದಾಯ ಇದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ಆದರೂ ಮುಂಗಡ ಕೊಡುವ ಮುಂಚೆ ನಿಮಗೆ ಒಂದಷ್ಟು ಹೇಳಬೇಕು ಅನ್ನಿಸಿದೆ.

ಯಾವುದು ಉಳಿಯುವಂಥದ್ದು, ಯಾವುದು ಬಂದುಹೋಗುವಂಥದ್ದು ಎಂದು ಕೇಳಿದರೆ ಅಂಗಡಿಯವರು ತಮ್ಮಲ್ಲಿ ಇರುವುದನ್ನೇ ‘ಟೈಮ್‌ಲೆಸ್’ ಅನ್ನುತ್ತಾರೆ. ಬೂದು ಬಣ್ಣವನ್ನೂ ಹಾಗೆಂದೇ ಮಾರಿದ್ದರು. ಈಗ ಬೀಜ್ ಬಣ್ಣವನ್ನು ಅದೇ ಮಾತು ಹೇಳಿ ಮಾರುತ್ತಿದ್ದಾರೆ. ಸದ್ದುಗದ್ದಲ ಇಲ್ಲದ ಬಣ್ಣವಾದ ಮಾತ್ರಕ್ಕೆ ಅದು ಫ್ಯಾಷನ್ ಅಲ್ಲವೆಂದು ತಿಳಿಯಬೇಡಿ. ಹಾಗಾಗಿ ನಾನು ಬೇರೆ ಪ್ರಶ್ನೆ ಹಾಕುತ್ತೇನೆ. ಈ ವಸ್ತು ಮುಂದೊಂದು ದಿನ ಬೇಡವಾದರೆ ಕೀಳಲು ಯಾರನ್ನು ಕರೆಯಬೇಕು? ಸ್ಕ್ರೂಡ್ರೈವರ್ ಹಿಡಿದು ನೀವೇ ತೆಗೆಯಬಹುದೇ? ಪೇಂಟರ್ ಎರಡು ದಿನ ಬಂದರೆ ಸಾಕೇ? ಕಾರ್ಪೆಂಟರ್ ಬೇಕೇ? ಇಲ್ಲ, ಸುತ್ತಿಗೆ, ಉಳಿ ಹಿಡಿದು ಗಾರೆಯವರು ಬಂದು, ಮನೆಯವರೆಲ್ಲ ಹದಿನೈದು ದಿನ ನೆಂಟರ ಮನೆ ಸೇರಬೇಕೇ?

ಪೇಂಟರ್ ಅಳಿಸಬಹುದಾದ ಜಾಗದಲ್ಲಿ ನಿಮ್ಮ ಮನಸ್ಸಿಗೆ ಬಂದ ಹುಚ್ಚಾಟ ಆಡಿ, ನಾನೇ ಜತೆಗೆ ನಿಲ್ಲುತ್ತೇನೆ. ಸುತ್ತಿಗೆ ಬೇಕಾಗುವ ಜಾಗಕ್ಕೆ ಈ ವರ್ಷದ ಚಿತ್ರ ನೋಡಿ ದುಡ್ಡು ಹಾಕಬೇಡಿ. ಪತ್ರದಲ್ಲಿ ಮುಂದೆ ಬರುವುದೆಲ್ಲ ಈ ಮಾತಿನ ವಿವರಣೆಯೇ.

ಮೊದಲು ನೆಲ ನೋಡೋಣ. ಅಲ್ಲಿ ತಪ್ಪಿದರೆ ದಂಡ ಎಲ್ಲಕ್ಕಿಂತ ಜಾಸ್ತಿ.

ಜಯನಗರ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಮೊಸಾಯಿಕ್ ನೆಲ ನೋಡಿರುತ್ತೀರಿ. ಸಿಮೆಂಟಿನಲ್ಲಿ ಅಮೃತಶಿಲೆಯ ಚೂರು ಕಲಸಿ ಹಾಕಿ, ಮೆಷಿನ್ ಓಡಿಸಿ ಉಜ್ಜಿದ ನೆಲ ಅದು. ತೊಂಬತ್ತರ ದಶಕದಿಂದೀಚೆಗೆ ಎಷ್ಟೋ ಮನೆಯವರಿಗೆ ಅದು ಬಡತನದ ಗುರುತಿನಂತೆ ಕಂಡು, ಒಡೆಸಿ ಮಾರ್ಬಲ್ಲೋ ವಿಟ್ರಿಫೈಡ್ ಟೈಲ್ಸೋ ಹಾಕಿಸಿದರು. ಈಗ ಅದೇ ಮೊಸಾಯಿಕ್ ‘ಟೆರಾಝೊ’ ಎಂಬ ಹೆಸರಿನಲ್ಲಿ ದುಬಾರಿ ಷೋರೂಮುಗಳಲ್ಲಿ ಕೂತಿದೆ. ಇದನ್ನು ನೋಡಿ ‘ಫ್ಯಾಷನ್ ತಿರುಗಿ ಬರುತ್ತದೆ, ಏನು ಹಾಕಿದರೂ ನಡೆಯುತ್ತದೆ’ ಅಂದುಕೊಳ್ಳುವವರಿದ್ದಾರೆ. ಹತ್ತಿರ ಹೋಗಿ ನೋಡಿದರೆ ವಿಷಯ ಬೇರೆ ಇದೆ. ಹಳೆಯ ಮನೆಯ ಮೊಸಾಯಿಕ್‌ನಲ್ಲಿ ಚೂರುಗಳು ಮೇಲ್ಮೈಯಲ್ಲಷ್ಟೇ ಇಲ್ಲ, ಪದರದ ಒಳಗೂ ಇವೆ. ಮೂವತ್ತು ವರ್ಷ ಸವೆದು ಮಂಕಾದರೂ ಪಾಲಿಶ್ ಮೆಷಿನ್ ಓಡಿಸಿದರೆ ಕೆಳಗಿನಿಂದ ಅದೇ ವಿನ್ಯಾಸ ಮತ್ತೆ ಮೇಲೆ ಬರುತ್ತದೆ. ಷೋರೂಮಿನಲ್ಲಿ ಟೆರಾಝೊ ಎಂದು ಕಾಣುವುದರಲ್ಲಿ ಬಹುಪಾಲು ವಿಟ್ರಿಫೈಡ್ ಟೈಲಿನ ಮೇಲೆ ಅಚ್ಚು ಹೊಡೆದ ಚಿತ್ರ. ಚಿತ್ರದ ಮೇಲೆ ತೆಳು ಗ್ಲೇಜ್ ಇರುತ್ತದೆ. ಬಾಗಿಲ ಬಳಿ, ಅಡುಗೆಮನೆಯ ಒಲೆ ಮುಂದೆ, ಊಟದ ಕುರ್ಚಿ ಎಳೆದಾಡುವ ಕಡೆ ಆ ಗ್ಲೇಜಿಗೆ ಗೀಚು ಬಿದ್ದರೆ ಯಾವ ಪಾಲಿಶಿಗೂ ಅದು ವಾಪಸ್ ಬರುವುದಿಲ್ಲ, ಏಕೆಂದರೆ ಕೆಳಗೆ ವಿನ್ಯಾಸವೇ ಇಲ್ಲ.

ಇದನ್ನು ಅಂಗಡಿಯಲ್ಲೇ ಕಂಡುಹಿಡಿಯುವುದು ಸುಲಭ. ಟೈಲಿನ ಮುಖ ನೋಡುವುದನ್ನು ಬಿಟ್ಟು ಅಂಚು ನೋಡಿ. ಗೋದಾಮಿನಲ್ಲಿ ಒಡೆದ ಚೂರು ಯಾವಾಗಲೂ ಇರುತ್ತದೆ. ‘ಒಂದು ಒಡೆದ ಪೀಸ್ ಕೊಡಿ’ ಎಂದು ಕೇಳಿ ಬೆಳಕಿಗೆ ಹಿಡಿಯಿರಿ. ಮೈಯೆಲ್ಲ ಒಂದೇ ಬಣ್ಣವಿದ್ದರೆ ಅದು ಫುಲ್‌ಬಾಡಿ. ಮೇಲೆ ಮೂರು ನಾಲ್ಕು ಮಿಲಿಮೀಟರ್ ಬೇರೆ ಬಣ್ಣದ ಪದರ ಕಂಡರೆ ಡಬಲ್ ಚಾರ್ಜ್. ಅಂಚಿನುದ್ದಕ್ಕೂ ಕಂದು ಅಥವಾ ಬೂದು ಮೈ ಇದ್ದು, ತುದಿಯಲ್ಲಿ ಕೂದಲೆಳೆಯಷ್ಟು ಬಣ್ಣ ಕಂಡರೆ ಅದು ಅಚ್ಚು ಹೊಡೆದದ್ದು, ಅಂಗಡಿಯ ಭಾಷೆಯಲ್ಲಿ ಜಿವಿಟಿ. ಹಾಗೆಂದು ಅಚ್ಚಿನ ಟೈಲು ಕೆಟ್ಟದ್ದಲ್ಲ. ಮಲಗುವ ಕೋಣೆಯಲ್ಲಿ, ಬರಿಗಾಲಿನ ಓಡಾಟದಲ್ಲಿ, ಸದ್ದಿಲ್ಲದೆ ಎರಡು ದಶಕ ಕಳೆಯುತ್ತದೆ. ಆದರೆ ಅದರ ಮೇಲಿನ ಚಿತ್ರ ಇಟಲಿಯ ಅಮೃತಶಿಲೆಯದ್ದೋ ಹಳೇ ಮೊರಾಕೊ ಅಂಗಳದ್ದೋ ಆಗಿದ್ದರೆ ನೀವು ಕೊಳ್ಳುತ್ತಿರುವುದು ಚಿತ್ರವನ್ನು. ನಾಲ್ಕೈದು ಟೈಲುಗಳನ್ನು ನೆಲದ ಮೇಲೆ ಪಕ್ಕಪಕ್ಕ ಹಾಸಲು ಹೇಳಿ ನೋಡಿ. ಅದೇ ಗೆರೆ, ಅದೇ ಮೂಲೆಯಲ್ಲಿ ಕವಲೊಡೆಯುವುದು ಕಣ್ಣಿಗೆ ಬಿದ್ದರೆ ಮುಂದೆ ನಿಮ್ಮ ಹಾಲಿನಲ್ಲಿ ದಿನವೂ ಅದೇ ಕಣ್ಣಿಗೆ ಬೀಳುತ್ತದೆ.

ಗಟ್ಟಿ ಇದ್ದದ್ದೆಲ್ಲ ಉಳಿಯುತ್ತದೆ ಎಂದೂ ಹೇಳಲಾರೆ. ಒಂದು ಕಾಲದಲ್ಲಿ ಹಾಲಿಗೆ ಕೆಂಪು ಗ್ರಾನೈಟ್ ಹಾಕಿಸಿ, ಸುತ್ತ ಕಪ್ಪು ಬಾರ್ಡರ್ ಕೊಟ್ಟು, ನಡುವೆ ಕಮಲದ ಹೂವು ಕತ್ತರಿಸಿ ಕೂರಿಸುತ್ತಿದ್ದರು. ಆ ಕಲ್ಲಿಗೆ ಸಾವಿಲ್ಲ. ಮನೆಯವರಿಗೆ ಬೇಸರ ಬಂದು ಹದಿನೈದು ವರ್ಷವಾಗಿದ್ದರೂ ಅದು ನಿನ್ನೆ ಹಾಸಿದಂತಿದೆ. ಅದನ್ನು ಒಡೆಸುವಾಗ ಮೇಸ್ತ್ರಿಗೇ ಹೊಟ್ಟೆ ಉರಿಯುತ್ತದೆ. ಪ್ರತಿ ವಸ್ತುವಿಗೂ ಎರಡು ಆಯುಸ್ಸು. ಒಂದು ಮೈಯದು, ಇನ್ನೊಂದು ಕಣ್ಣಿನದು. ಮೈ ಐವತ್ತು ವರ್ಷ ಬಾಳುವುದಾದರೆ ಅದರ ಮೇಲೆ ಐದು ವರ್ಷಕ್ಕೆ ಸಾಕಾಗುವ ವಿನ್ಯಾಸ ಕೆತ್ತಬಾರದು. ಐದು ವರ್ಷಕ್ಕೆ ಏಳುವ ತೆಳು ಲೇಪಕ್ಕೆ ಐವತ್ತು ವರ್ಷದ ಬೆಲೆಯನ್ನೂ ಕೊಡಬಾರದು. ಸುತ್ತಿಗೆಯ ಸದ್ದು ಕೇಳಿಸುವುದು ಈ ಎರಡು ಆಯುಸ್ಸು ಹೊಂದದ ಕಡೆಯೇ.

ಕಣ್ಣಿನ ಆಯುಸ್ಸನ್ನು ಅಳೆಯುವುದು ಹೇಗೆ ಅನ್ನುತ್ತೀರಿ. ಅದಕ್ಕೂ ಒಂದು ಉಪಾಯವಿದೆ, ಖರ್ಚಿಲ್ಲದ್ದು. ಲ್ಯಾಮಿನೇಟ್ ಆರಿಸಲು ಪ್ಲೈವುಡ್ ಅಂಗಡಿಗೆ ಹೋದಾಗ ಹೊಸ ಫೋಲ್ಡರ್ ಕೈಗಿಡುತ್ತಾರೆ. ಅದರಲ್ಲಿ ನೂರಾರು ನಮೂನೆ, ಪ್ರತಿಯೊಂದಕ್ಕೂ ಒಂದು ನಂಬರ್. ‘ಅದೇ ಕಂಪನಿಯ ಹಳೇ ಫೋಲ್ಡರ್ ಇದ್ದರೆ ಕೊಡಿ, ಎಷ್ಟು ಹಳೆಯದಾದರೂ ಪರವಾಗಿಲ್ಲ’ ಎಂದು ಕೇಳಿ. ಧೂಳು ಹಿಡಿದು, ಅಂಚು ಸುರುಳಿಯಾದದ್ದು ಮೂಲೆಯಲ್ಲಿ ಬಿದ್ದಿರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಹಳೆಯದರಲ್ಲಿ ಆಗ ಮೊದಲ ಪುಟಗಳಲ್ಲಿ ಮೆರೆದಿದ್ದ ನಮೂನೆಗಳು ಹೊಸದರಲ್ಲಿ ಹುಡುಕಿದರೂ ಸಿಗುವುದಿಲ್ಲ. ಎರಡರಲ್ಲೂ ಇರುವವು ಕೆಲವೇ. ಹಾಲುಬಿಳಿ, ದಂತದ ಬಣ್ಣ, ತೇಗದ ಎಳೆ, ಓಕ್‌ನ ಒಂದೆರಡು ಛಾಯೆ, ಕಪ್ಪು, ಕಡು ಬೂದು. ಕಂಪನಿಯವರು ಅವನ್ನು ಪ್ರೀತಿಯಿಂದೇನೂ ಉಳಿಸಿಕೊಂಡಿಲ್ಲ. ಪ್ರತಿ ವರ್ಷ ಬಡಗಿಗಳು ಮತ್ತೆ ಮತ್ತೆ ಅವನ್ನೇ ಕೇಳುತ್ತಾರೆ, ಅದಕ್ಕೇ ಉಳಿದಿವೆ. ಎಂಟು ವರ್ಷದ ಮೇಲೆ ಒಂದು ಬಾಗಿಲು ನೀರು ಕುಡಿದು ಉಬ್ಬಿದರೆ ಅದಕ್ಕೆ ಹೊಂದುವ ಷೀಟು ಸಿಗುವುದೂ ಆ ನಂಬರಿನದ್ದೇ. ಉಳಿದ ನಂಬರ್ ಹಾಕಿಸಿದವರು ಒಂದು ಬಾಗಿಲಿಗಾಗಿ ಹನ್ನೆರಡು ಬಾಗಿಲು ಬದಲಿಸುತ್ತಾರೆ.

ಟೈಲಿನ ಅಂಗಡಿಯಲ್ಲೂ ಇದೇ ಪ್ರಶ್ನೆ ಕೇಳಬಹುದು. ‘ಈ ನಂಬರ್ ನಿಮ್ಮಲ್ಲಿ ಬಂದು ಎಷ್ಟು ವರ್ಷವಾಯಿತು?’ ‘ಹೋದ ತಿಂಗಳಷ್ಟೇ ಬಂತು ಸಾರ್, ಹಾಟ್ ಸೇಲು’ ಎಂದರೆ ಅದು ನಿಮಗೆ ಸಿಕ್ಕ ಎಚ್ಚರಿಕೆ.

ಅಡುಗೆಮನೆಗೆ ಬರೋಣ. ಇಲ್ಲಿ ಫ್ಯಾಷನ್ನಿಗೆ ಜಾಗ ಧಾರಾಳವಾಗಿದೆ, ಎಲ್ಲಿ ಎಂದು ಗೊತ್ತಿದ್ದರೆ. ಮಾಡ್ಯುಲರ್ ಅಡುಗೆಮನೆ ಅಂದರೆ ಎರಡು ಭಾಗ. ಗೋಡೆಗೆ, ನೆಲಕ್ಕೆ ಕೂತ ಪೆಟ್ಟಿಗೆಗಳು ಒಂದು, ಅವುಗಳ ಮುಖಕ್ಕೆ ಹಾಕಿದ ಶಟರುಗಳು ಇನ್ನೊಂದು. ನೆಂಟರಿಗೆ ಕಾಣುವುದು ಶಟರ್. ಕುಕ್ಕರಿನ ಆವಿ, ಸಿಂಕಿನ ಸೋರಿಕೆ, ಇಪ್ಪತ್ತೈದು ಕಿಲೋ ಅಕ್ಕಿ ಮೂಟೆ ತಡೆಯುವುದು ಪೆಟ್ಟಿಗೆ. ಕೊಟೇಶನ್ನಿನಲ್ಲಿ ಜನ ಚರ್ಚೆ ಮಾಡುವುದು ಅಕ್ರಿಲಿಕ್ಕೋ, ಪಿಯು ಪೇಂಟೋ, ಗ್ಲಾಸ್ ಫಿನಿಷೋ ಎಂದು. ಪೆಟ್ಟಿಗೆಗೆ ಯಾವ ಹಲಗೆ ಎಂದು ಕೇಳುವವರು ಕಡಿಮೆ. ಸಿಂಕಿನ ಕೆಳಗಿನ ಪೆಟ್ಟಿಗೆಯಾದರೂ ಐಎಸ್ 710 ಗುರುತಿರುವ ಪ್ಲೈವುಡ್ ಆಗಿರಲಿ. ಕುದಿಯುವ ನೀರನ್ನೂ ತಡೆಯುವ ಅಂಟಿನಿಂದ ಮಾಡಿದ್ದು ಅದು. ಷೀಟಿನ ಮೇಲೆ ಮುದ್ರೆ ಇರುತ್ತದೆ, ಕತ್ತರಿಸುವ ಮುಂಚೆ ನೋಡಿಕೊಳ್ಳಿ. ಕತ್ತರಿಸಿ ಲ್ಯಾಮಿನೇಟ್ ಅಂಟಿಸಿದ ಮೇಲೆ ಒಳಗೆ ಏನಿದೆ ಎಂದು ಹೇಳಲು ನನಗೂ ಆಗುವುದಿಲ್ಲ.

ಪೆಟ್ಟಿಗೆ ಗಟ್ಟಿಯಿದ್ದರೆ ಶಟರನ್ನು ಯಾವಾಗ ಬೇಕಾದರೂ ಬದಲಿಸಬಹುದು. ಈಗಿನ ಹಿಂಜುಗಳು ಬಾಗಿಲಿನೊಳಗೆ ಮೂವತ್ತೈದು ಮಿಲಿಮೀಟರಿನ ಗುಂಡಗಿನ ಗುಳಿಯಲ್ಲಿ ಕೂರುತ್ತವೆ, ಹೆಚ್ಚುಕಡಿಮೆ ಎಲ್ಲ ಕಂಪನಿಯವರದೂ ಅದೇ ಅಳತೆ. ಹತ್ತು ವರ್ಷದ ಮೇಲೆ ನಿಮ್ಮ ಹಸಿರು ಶಟರ್ ಸಾಕಾದರೆ ಅದೇ ಅಳತೆಗೆ ಹೊಸದನ್ನು ಮಾಡಿಸಿ, ಹಳೇ ಪೆಟ್ಟಿಗೆಗೇ ನೇತುಹಾಕಬಹುದು. ಒಂದು ದಿನದ ಕೆಲಸ, ಒಂದು ಟೈಲೂ ಒಡೆಯುವುದಿಲ್ಲ. ಹಿಡಿಕೆಯದ್ದೂ ಅಷ್ಟೇ. ಅದರ ಎರಡು ರಂಧ್ರಗಳ ನಡುವಿನ ದೂರ ಸಾಮಾನ್ಯವಾಗಿ ಮೂವತ್ತೆರಡರ ಮಗ್ಗಿಯಲ್ಲಿ ಬರುತ್ತದೆ: 96, 128, 160 ಮಿಲಿಮೀಟರ್. ಇಡೀ ಅಡುಗೆಮನೆಗೆ 128 ಎಂದು ನಿಲ್ಲಿಸಿಬಿಡಿ. ಈಗ ಹಿತ್ತಾಳೆಯದು ಇಷ್ಟವೇ, ಹಾಕಿ. ಮುಂದೆ ಬೇಡವಾದರೆ ಹೊಸದಕ್ಕೂ ಅದೇ ರಂಧ್ರ ಸಾಕು.

ಹಿಡಿಕೆಯೇ ಇಲ್ಲದ ಅಡುಗೆಮನೆ ಬಗ್ಗೆ ಮಾತ್ರ ಇಷ್ಟು ಸಲೀಸಾಗಿ ಹೇಳಲಾರೆ. ಅದರಲ್ಲಿ ಪೆಟ್ಟಿಗೆಯ ಮುಂದಂಚನ್ನೇ ಕೊರೆದು ಅಲ್ಯುಮಿನಿಯಂ ಪ್ರೊಫೈಲ್ ಕೂರಿಸಿ, ಬೆರಳು ತೂರಿಸಲು ಜಾಗ ಬಿಡುತ್ತಾರೆ. ನೋಡಲು ಚಂದ. ಒಗ್ಗರಣೆ ಹಾಕುತ್ತ ಎಣ್ಣೆ ಕೈಯಲ್ಲೇ ಡಬ್ಬ ಹುಡುಕುವ ಮನೆಯಲ್ಲಿ ಆ ಸಂದಿಗೆ ಜಿಡ್ಡು, ಅದರ ಮೇಲೆ ಹಿಟ್ಟು, ಅದರ ಮೇಲೆ ಇರುವೆ. ನಾಳೆ ಹಿಡಿಕೆ ಹಾಕಿಸೋಣವೆಂದರೆ ಪ್ರೊಫೈಲಿಗಾಗಿ ಗಿಡ್ಡ ಮಾಡಿದ ಶಟರು ಪೆಟ್ಟಿಗೆ ಮುಚ್ಚುವುದಿಲ್ಲ. ಹಿಡಿಕೆ ಅನ್ನುವ ಕಿರು ವಸ್ತುವಿನಲ್ಲಿ ಮುಗಿಯಬೇಕಾದ ಫ್ಯಾಷನ್ನು ಪೆಟ್ಟಿಗೆಯ ಮೂಳೆಗೆ ಇಳಿದುಬಿಟ್ಟಿದೆ.

ಕಟ್ಟೆಯ ಕಲ್ಲಿನ ವಿಷಯದಲ್ಲಿ ನಾನು ಹಳೇ ಕಾಲದವನು. ಬಿಳಿ ಕ್ವಾರ್ಟ್ಜ್ ಈಗ ಎಲ್ಲರ ಫೋನಿನಲ್ಲೂ ಇದೆ. ಅದು ಕಲ್ಲುಪುಡಿಗೆ ರಾಳ ಬೆರೆಸಿ ಒತ್ತಿ ಮಾಡಿದ ಹಲಗೆ. ಕಲ್ಲು ಬಿಸಿ ತಡೆಯುತ್ತದೆ, ರಾಳ ತಡೆಯುವುದಿಲ್ಲ. ಒಲೆಯಿಂದ ಇಳಿಸಿದ ದೋಸೆ ಕಾವಲಿಯನ್ನು ನೇರವಾಗಿ ಇಟ್ಟರೆ ಹಳದಿ ಉಂಗುರ ಬೀಳುತ್ತದೆ, ಅದು ತೊಳೆದರೆ ಹೋಗುವುದಿಲ್ಲ. ಆ ಹಲಗೆ ಕೊಯ್ಯುವಾಗ ಏಳುವ ದೂಳು ಕೆಲಸಗಾರರ ಶ್ವಾಸಕೋಶ ತಿನ್ನುತ್ತದೆ ಎಂಬ ಕಾರಣಕ್ಕೆ ಆಸ್ಟ್ರೇಲಿಯಾ 2024ರ ಜುಲೈಯಿಂದ ಅದನ್ನು ನಿಷೇಧಿಸಿದೆ. ನಮ್ಮ ಕನಕಪುರ, ಚಾಮರಾಜನಗರ ಕಡೆಯ ಕರಿಕಲ್ಲಿನ ಕಟ್ಟೆಗೆ ಈ ಬಿಸಿಯ ಕಾಟವಾಗಲಿ ಅರಿಸಿನದ ಕಲೆಯ ಚಿಂತೆಯಾಗಲಿ ಇಲ್ಲ. ಚಿತ್ರದಲ್ಲಿ ಅದು ಮಂಕಾಗಿ ಕಾಣುತ್ತದೆ, ನಿಜ. ಅಡುಗೆಮನೆ ಬೆಳಗಬೇಕಾದರೆ ಹಿಂದಿನ ಗೋಡೆಯ ಟೈಲು ಬಿಳಿ ಇರಲಿ.

ನಲ್ಲಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ಬೋರ್‌ವೆಲ್, ಟ್ಯಾಂಕರ್ ನೀರಿನ ಅಪಾರ್ಟ್‌ಮೆಂಟಿನಲ್ಲಿ ಮ್ಯಾಟ್ ಕಪ್ಪು ನಲ್ಲಿ ಹಾಕಿಸುವವರು ಮೊದಲು ತಮ್ಮ ಹಳೇ ಮನೆಯ ಬಕೆಟ್ಟಿನ ಅಂಚು ನೋಡಲಿ. ಅಲ್ಲಿ ಕಟ್ಟಿದ ಬಿಳಿ ಸುಣ್ಣವೇ ಕಪ್ಪು ನಲ್ಲಿಯ ಮೇಲೂ ಕಟ್ಟುವುದು. ಕ್ರೋಮಿನ ಮೇಲೆ ಅದು ಅಷ್ಟಾಗಿ ಕಾಣುವುದಿಲ್ಲ, ಕಪ್ಪಿನ ಮೇಲೆ ಪ್ರತಿ ಹನಿಯೂ ಎದ್ದು ಕಾಣುತ್ತದೆ. ಕೆಲಸದವರು ಆಸಿಡ್ ಹಾಕಿ ಉಜ್ಜುತ್ತಾರೆ, ಕಪ್ಪು ಲೇಪ ಏಳುತ್ತದೆ. ಇನ್ನು ಗೋಡೆಯೊಳಗೆ ಹುದುಗಿಸುವ ಡೈವರ್ಟರ್ ಇದೆಯಲ್ಲ, ಅದರ ಒಡಲು ಒಂದು ಕಂಪನಿಯದಾದರೆ ಹೊರಗಿನ ಮುಖಕ್ಕೂ ಅದೇ ಕಂಪನಿಯದೇ ಬೇಕು. ಆ ಮಾಡೆಲ್ ನಿಂತುಹೋದರೆ ಗೋಡೆ ಒಡೆಯಬೇಕು. ಹುದುಗುವ ಭಾಗಕ್ಕೆ ಬಹಳ ವರ್ಷದಿಂದ ಮಾರಾಟದಲ್ಲಿರುವ, ಬಿಡಿಭಾಗ ಸುಲಭವಾಗಿ ಸಿಗುವ ಮಾಡೆಲ್ಲನ್ನೇ ಪ್ಲಂಬರ್ ಹತ್ತಿರ ಕೇಳಿ ಹಾಕಿಸಿ.

ಕುರ್ಚಿ, ಸೋಫಾ, ಮೇಜಿಗೆ ಸುತ್ತಿಗೆ ಬೇಕಿಲ್ಲ ನಿಜ, ಮನೆಯಿಂದ ಎತ್ತಿ ಸಾಗಿಸಿದರಾಯಿತು. ಆದರೆ ಇವುಗಳಲ್ಲಿ ಯಾವುದು ಉಳಿಯುತ್ತದೆ ಎಂಬುದು ಬಿಚ್ಚುವ ಪ್ರಶ್ನೆಯಲ್ಲೇ ಅಡಗಿದೆ. ವಿಯೆನ್ನಾದ ಥೋನೆಟ್ ಕಂಪನಿ 1859ರಲ್ಲಿ ಮಾಡಿದ ಹದಿನಾಲ್ಕನೇ ನಂಬರಿನ ಕುರ್ಚಿ ಇವತ್ತಿಗೂ ತಯಾರಾಗುತ್ತಿದೆ. ಆವಿಯಲ್ಲಿ ಬಾಗಿಸಿದ ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್. ಬಿಚ್ಚಿದರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಮೂವತ್ತಾರು ಕುರ್ಚಿ ಹಿಡಿಯುತ್ತಿದ್ದವು. ಮುಂಬೈಯ ಇರಾನಿ ಹೋಟೆಲುಗಳಲ್ಲಿ ಕಾಣುವ ಬಾಗುಮರದ ಕುರ್ಚಿಗಳು ಅದೇ ಸಂತತಿಯವು. ಒಂದು ಕಾಲು ಸಡಿಲಾದರೆ ಸ್ಕ್ರೂ ಬಿಗಿಮಾಡು, ಕೂರುವ ಬೆತ್ತ ಹರಿದರೆ ಹೊಸದು ಹೆಣೆಸು, ಅಷ್ಟೇ.

ಚಂಡೀಗಢದ ಕುರ್ಚಿಯ ಕಥೆ ಇನ್ನೂ ಸ್ವಾರಸ್ಯ. ಐವತ್ತರ ದಶಕದಲ್ಲಿ ಆ ನಗರದ ಸರ್ಕಾರಿ ಕಚೇರಿಗಳಿಗಾಗಿ ಪಿಯರ್ ಜಾನ್ನರೆ ಮತ್ತು ಅವರ ತಂಡ ತೇಗದ ಮರ, ಬೆತ್ತದಲ್ಲಿ ಸರಳ ಕುರ್ಚಿಗಳನ್ನು ಮಾಡಿಸಿತು. ಆಮೇಲೆ ಕಚೇರಿಗಳು ಹೊಸ ಫರ್ನಿಚರ್ ತರಿಸಿ ಇವನ್ನು ತಾರಸಿಯ ಮೇಲೆ ರಾಶಿ ಹಾಕಿ, ಗುಜರಿ ಬೆಲೆಗೆ ಹರಾಜು ಹಾಕಿದವು. ವಿದೇಶಿ ವ್ಯಾಪಾರಿಗಳು ಕೊಂಡು, ರಿಪೇರಿ ಮಾಡಿಸಿ, ಲಕ್ಷಗಟ್ಟಲೆ ರೂಪಾಯಿಗೆ ಮಾರಿದರು. ಬಿಸಿಲು ಮಳೆಗೆ ಬಿದ್ದಿದ್ದ ಕುರ್ಚಿಯನ್ನೂ ರಿಪೇರಿ ಮಾಡಲು ಆಯಿತಲ್ಲ, ಅದನ್ನು ಗಮನಿಸಿ. ಈಗ ಅದರ ನಕಲು ಎಲ್ಲ ಕಡೆ ಸಿಗುತ್ತಿದೆ, ನಿಮ್ಮ ಚಿತ್ರಗಳಲ್ಲೂ ಇದೆ. ತೇಗದಲ್ಲಿ, ಕೂಡುಕೀಲು ಸರಿಯಾಗಿ ಕೂರಿಸಿ ಮಾಡಿದ್ದರೆ ಕೊಳ್ಳಿ, ಮೊಮ್ಮಕ್ಕಳವರೆಗೆ ಬರುತ್ತದೆ. ಬಣ್ಣ ಬಳಿದ ಮೆದು ಮರಕ್ಕೆ ಪ್ಲಾಸ್ಟಿಕ್ ಜಾಲಿ ಹೊಡೆದದ್ದಾದರೆ ನಿಮಗೆ ಸಿಗುವುದು ಅದರ ಆಕಾರ ಮಾತ್ರ. ಕೆಳಗಿನಿಂದ ತಿರುಗಿಸಿ ನೋಡಿ. ಕಾಲು, ಚೌಕಟ್ಟು ಸೇರುವ ಕಡೆ ಬರೀ ಸ್ಟೇಪಲ್ ಪಿನ್, ಅಂಟು ಕಂಡರೆ ವಾಪಸ್ ಇಟ್ಟುಬಿಡಿ.

ಸೋಫಾದಲ್ಲಿ ನಾನು ನೋಡುವುದು ಎತ್ತರ. ಈಗಿನ ಚಿತ್ರಗಳಲ್ಲಿನ ಸೋಫಾಗಳು ನೆಲಕ್ಕೆ ಅಂಟಿದಂತೆ ಇರುತ್ತವೆ, ಕೂರುವ ಜಾಗ ಹದಿನಾಲ್ಕು ಇಂಚು ಎತ್ತರ, ಇಪ್ಪತ್ತಾರು ಇಂಚು ಆಳ. ಮನುಷ್ಯರ ಮೊಣಕಾಲು ಫ್ಯಾಷನ್ನಿನ ಜತೆ ಗಿಡ್ಡವಾಗಿಲ್ಲ. ಹದಿನಾರರಿಂದ ಹದಿನೆಂಟು ಇಂಚು ಎತ್ತರ, ಇಪ್ಪತ್ತೆರಡು ಇಂಚಿನ ಆಸುಪಾಸು ಆಳವಿದ್ದರೆ ಅತ್ತೆ ಮಾವ ಕೈ ಊರದೆ ಏಳುತ್ತಾರೆ. ಅಂಗಡಿಯಲ್ಲಿ ಕಾಲು ಗಂಟೆ ಕೂತು, ಎರಡೂ ಕೈ ಎದೆಗೆ ಕಟ್ಟಿಕೊಂಡು ಎದ್ದು ನೋಡಿ. ಏಳಲಾಗದಿದ್ದರೆ ಬಟ್ಟೆ ಎಷ್ಟು ಚಂದವಿದ್ದರೂ ಬೇಡ. ಬಟ್ಟೆಯನ್ನು ಮುಂದೆ ಬೀದಿ ಕೊನೆಯ ಸೋಫಾ ರಿಪೇರಿಯವರು ಬದಲಿಸಿಕೊಡುತ್ತಾರೆ, ಎತ್ತರವನ್ನು ಬದಲಿಸುವುದಿಲ್ಲ.

ಇಷ್ಟನ್ನೂ ಒಂದು ಮನೆಯ ಲೆಕ್ಕಕ್ಕೆ ಹಚ್ಚಿ ತೋರಿಸುತ್ತೇನೆ. ಕನಕಪುರ ರಸ್ತೆಯ ಕಡೆ ಮೂರು ಬೆಡ್‌ರೂಮಿನ ಫ್ಲ್ಯಾಟು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಜತೆಗೆ ಮಂಡಿನೋವಿನ ಅತ್ತೆ. ಬೇರೊಬ್ಬರು ಬರೆದುಕೊಟ್ಟ ಹದಿಮೂರೂವರೆ ಲಕ್ಷದ ಕೊಟೇಶನ್ ಹಿಡಿದು ಬಂದಿದ್ದರು. ಅಡುಗೆಮನೆ ಮೂರು ಲಕ್ಷ ಅರವತ್ತು ಸಾವಿರ, ವಾರ್ಡ್‌ರೋಬುಗಳು ನಾಲ್ಕು ಲಕ್ಷ ಇಪ್ಪತ್ತು ಸಾವಿರ. ಬಿಲ್ಡರ್ ಹಾಕಿದ ನೆಲ ಕಿತ್ತು ದೊಡ್ಡ ಮಾರ್ಬಲ್ ಚಿತ್ರದ ಟೈಲು ಹಾಕಲು ಒಂದು ತೊಂಬತ್ತು. ಮನೆಯೆಲ್ಲ ಫಾಲ್ಸ್ ಸೀಲಿಂಗಿಗೆ ಒಂದು ಅರವತ್ತು. ಟಿವಿ ಗೋಡೆಗೆ ಫ್ಲೂಟೆಡ್ ಪ್ಯಾನೆಲ್, ಚಿನ್ನದ ಪಟ್ಟಿ, ಒಂದು ಮೂವತ್ತು. ಕಪ್ಪು ನಲ್ಲಿ, ಷವರುಗಳಿಗೆ ತೊಂಬತ್ತು ಸಾವಿರ.

ಪ್ರತಿ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಅದನ್ನು ಕೀಳಲು ಬರಬೇಕಾದವರ ಹೆಸರು ಬರೆಯಿರಿ ಎಂದೆ. ಕೊನೆಯ ನಾಲ್ಕು ಸಾಲಿಗೂ ಸುತ್ತಿಗೆ ಬಿತ್ತು. ಫ್ಲೂಟೆಡ್ ಪ್ಯಾನೆಲ್ ಬಿಚ್ಚಬಹುದಲ್ಲ ಎಂದು ಆ ಹೆಣ್ಣುಮಗಳು ವಾದಿಸಿದರು. ಅದನ್ನು ಗೋಡೆಗೆ ಸಿಲಿಕಾನ್ ಹಾಕಿ ಅಂಟಿಸುತ್ತಾರೆ, ಕೀಳುವಾಗ ಪ್ಲಾಸ್ಟರ್ ಜತೆಗೇ ಬರುತ್ತದೆ. ಟಿವಿಗಾಗಿ ಗೋಡೆ ಕೊರೆದ ವೈರಿಂಗೂ ಆ ಪ್ಯಾನೆಲ್ಲಿನ ಅಳತೆಗೇ ಇರುತ್ತದೆ ಎಂದೆ. ಆ ನಾಲ್ಕು ಸಾಲು ಕೂಡಿದರೆ ಐದು ಲಕ್ಷ ಎಪ್ಪತ್ತು ಸಾವಿರ. ನಾಲ್ಕಕ್ಕೂ ಕಾರಣ ಕೇಳಿದಾಗ ‘ಈಗ ಎಲ್ಲರ ಮನೆಯಲ್ಲೂ ಇದೆ’ ಎಂಬುದಕ್ಕಿಂತ ಬೇರೆ ಉತ್ತರ ಬರಲಿಲ್ಲ.

ಬಿಲ್ಡರ್ ಹಾಕಿದ ದಂತಬಣ್ಣದ ಎರಡಡಿ ಟೈಲು ಸಪ್ಪೆಯಾಗಿತ್ತೇ ಹೊರತು ಕೆಟ್ಟಿರಲಿಲ್ಲ. ಅದನ್ನು ಹಾಗೇ ಉಳಿಸಿಕೊಂಡರು. ಸೀಲಿಂಗನ್ನು ಮನೆಯೆಲ್ಲ ಮಾಡಿಸುವ ಬದಲು ಎಸಿ ಪೈಪು ಹಾಯುವ ಪ್ಯಾಸೇಜಿಗೂ ಹಾಲಿನ ಕರ್ಟನ್ ಮೇಲಿನ ಒಂದು ಪಟ್ಟಿಗೂ ನಿಲ್ಲಿಸಿದೆವು, ನಲವತ್ತು ಸಾವಿರವಾಯಿತು. ಒಂಬತ್ತೂವರೆ ಅಡಿ ಎತ್ತರದ ಹಾಲಿನಲ್ಲಿ ಅರ್ಧ ಅಡಿ ಸೀಲಿಂಗಿಗೆ ಕೊಟ್ಟಿದ್ದರೆ ಫ್ಯಾನು ತಲೆಯ ಮೇಲೇ ತಿರುಗುತ್ತಿತ್ತು. ಒಳಗೆ ಅಡಗಿಸಿದ ಎಲ್‌ಇಡಿ ಪಟ್ಟಿಯ ಡ್ರೈವರ್ ಕೆಟ್ಟರೆ ಅದನ್ನು ತಲುಪಲು ಸೀಲಿಂಗನ್ನೇ ಕೊರೆಯಬೇಕಾಗುತ್ತದೆ ಎನ್ನುವುದನ್ನು ಕೊಟೇಶನ್ ಕೊಟ್ಟವರು ಹೇಳಿರಲಿಲ್ಲ. ಟಿವಿ ಗೋಡೆಗೆ ಕಡು ಹಸಿರು ಬಣ್ಣ, ಕೆಳಗೆ ಕಾಲಿರುವ ತೇಗದ ಉದ್ದನೆ ಮೇಜು, ಎರಡೂ ಸೇರಿ ಐವತ್ತು ಸಾವಿರ. ನಲ್ಲಿಗಳು ಕ್ರೋಮಿನವು, ಅರವತ್ತು ಸಾವಿರ. ಹೀಗೆ ಉಳಿದದ್ದು ನಾಲ್ಕು ಲಕ್ಷ ಇಪ್ಪತ್ತು ಸಾವಿರ.

ಅದರಲ್ಲಿ ಎಂಬತ್ತು ಸಾವಿರವನ್ನು ಅಡುಗೆಮನೆಯ ಪೆಟ್ಟಿಗೆಯ ಹಲಗೆಗೂ ಒಳ್ಳೆಯ ಡ್ರಾಯರ್ ಚಾನೆಲ್ಲಿಗೂ ಹಾಕಿದರು. ಎರಡು ಲಕ್ಷ ಇಪ್ಪತ್ತು ಸಾವಿರಕ್ಕೆ ತೇಗದ ಊಟದ ಮೇಜು, ಹದಿನೇಳು ಇಂಚು ಎತ್ತರದ ಸೋಫಾ ಮಾಡಿಸಿದರು. ಒಂದು ಇಪ್ಪತ್ತು ಬ್ಯಾಂಕಿನಲ್ಲೇ ಇದೆ. ಆ ಹೆಣ್ಣುಮಗಳಿಗೆ ಫ್ಲೂಟೆಡ್ ಗೆರೆಗಳ ಮೇಲಿನ ಆಸೆ ಹೋಗಿರಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಬಾಗಿಲ ಬಳಿಯ ಚಪ್ಪಲಿ ಗೂಡಿನ ಎರಡು ಶಟರಿಗೆ ಅದೇ ವಿನ್ಯಾಸ ಮಾಡಿಸಿಕೊಟ್ಟೆವು. ಗೆರೆಗಳ ಸಂದಿಯ ದೂಳನ್ನು ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತೆಗೆಯುವುದು ಅವರಿಗೆ ಈಗಾಗಲೇ ಅಭ್ಯಾಸವಾಗಿದೆ. ಬೇಸರವಾದ ದಿನ ನಾಲ್ಕು ಹಿಂಜ್ ಬಿಚ್ಚಿದರಾಯಿತು.

ಈ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಮೂರು ವರ್ಷಕ್ಕೆ ಮನೆ ಮಾರಿ ಹೊರಡುವವರು ಯಾವುದಕ್ಕೂ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ, ಬಣ್ಣ ಬಳಿಸಿ ಕರ್ಟನ್ ಹಾಕಿದರೆ ಸಾಕು. ಬಿಲ್ಡರ್ ಹಾಕಿದ ಟೈಲು ನಿಜವಾಗಿ ಟೊಳ್ಳಾಗಿದ್ದರೆ, ನಾಣ್ಯದಲ್ಲಿ ತಟ್ಟಿದಾಗ ಟೊಕ್ ಟೊಕ್ ಎಂದರೆ, ಕೀಳಿಸಲೇಬೇಕು. ಹಾಗೆಯೇ ಯಾರಿಗಾದರೂ ಕೆಂಪು ನೆಲ ಬಾಲ್ಯದಿಂದ ಇಷ್ಟವಿದ್ದು, ಫ್ಯಾಷನ್ ಇರಲಿ ಬಿಡಲಿ ಅದೇ ಬೇಕು ಅಂದರೆ ರೆಡ್ ಆಕ್ಸೈಡ್ ಹಾಕಿಸಲು ನನ್ನ ತಕರಾರಿಲ್ಲ. ಅದನ್ನು ಸರಿಯಾಗಿ ತಿಕ್ಕಬಲ್ಲ ಮೇಸ್ತ್ರಿ ಸಿಗುವುದೇ ಕಷ್ಟ, ಸಿಕ್ಕ ಮೇಲೆ ಕೊಟೇಶನ್ ಮಾತಾಡೋಣ.

ಕೊನೆಗೆ ಒಂದು ಸಣ್ಣ ಕೆಲಸ. ಕೆಲಸ ಮುಗಿದು ಬಡಗಿ, ಮೇಸ್ತ್ರಿ ಹೊರಡುವ ದಿನ ಟೈಲಿನ ಒಂದು ಪೂರ್ತಿ ಪೆಟ್ಟಿಗೆ, ಲ್ಯಾಮಿನೇಟಿನ ಒಂದು ಷೀಟು ಲಾಫ್ಟಿನಲ್ಲಿ ಇರಿಸಿಕೊಳ್ಳಿ. ಟೈಲಿನ ನಂಬರ್ ಮತ್ತು ಪೆಟ್ಟಿಗೆಯ ಮೇಲಿರುವ ಬ್ಯಾಚ್ ನಂಬರ್, ಸಂದಿಗೆ ತುಂಬಿದ ಗ್ರೌಟಿನ ಬಣ್ಣ, ಲ್ಯಾಮಿನೇಟಿನ ನಂಬರ್, ಗೋಡೆ ಬಣ್ಣದ ಕೋಡ್, ಹಿಡಿಕೆಯ ರಂಧ್ರದ ಅಂತರ, ಇಷ್ಟನ್ನೂ ವಾರ್ಡ್‌ರೋಬ್ ಶಟರಿನ ಒಳಮೈಯಲ್ಲಿ ಮಾರ್ಕರ್ ಪೆನ್ನಿನಿಂದ ಬರೆದಿಡಿ. ಬಿಲ್ಲು ಕಳೆದುಹೋಗುತ್ತದೆ, ಫೋನು ಬದಲಾಗುತ್ತದೆ. ಮುಂದೆ ರಿಪೇರಿಗೆ ಬಂದ ಬಡಗಿ ಮೊದಲು ಕೇಳುವುದು ಆ ನಂಬರುಗಳನ್ನೇ.

ಇತಿ ನಿಮ್ಮವನು,
ಊರಿನ ಒಬ್ಬ ಒಳಾಂಗಣ ಕೆಲಸಗಾರ